ಉಷ್ಣವೆಂಬ ಒಂದೇ ಮಾತು, ಎರಡು ಬಗೆಯ ಗುಳ್ಳೆ

ಮಗುವಿನ ಮೈಮೇಲೆ ಏನೇ ಕಾಣಿಸಿಕೊಂಡರೂ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಉಷ್ಣ’. ಬೇಸಿಗೆಯಲ್ಲಿ ಕತ್ತಿನ ಮಡಿಕೆಯಲ್ಲಿ ಏಳುವ ಬೆವರುಸಾಲೆಯೂ ಉಷ್ಣ, ಮೊಟ್ಟೆ ತಿಂದ ಮೇಲೆ ಮೈತುಂಬ ಏಳುವ ಗಂಧೆಯೂ ಉಷ್ಣ. ಹೊರಗಿನ ಸೆಕೆ ಮತ್ತು ಒಳಗೆ ಹೋದ ಆಹಾರ ಇವೆರಡನ್ನೂ ಈ ಒಂದೇ ಪದ ಹೊತ್ತುಕೊಂಡಿದೆ. ಅದರ ಪಕ್ಕದಲ್ಲಿಯೇ ‘ತಂಪು’ ಎಂಬ ಇನ್ನೊಂದು ಪದವಿದ್ದು, ಯಾವ ಪದಾರ್ಥ ಯಾವ ಕಡೆಗೆ ಸೇರುತ್ತದೆ ಎಂಬ ಪಟ್ಟಿ ಪ್ರತಿ ಅಜ್ಜಿಯ ಬಾಯಲ್ಲೂ ಸಿದ್ಧವಾಗಿರುತ್ತದೆ. ರಾಗಿ ತಂಪು, ಹಾಲು ತಂಪು, ಮೊಟ್ಟೆ ಉಷ್ಣ. ನಮ್ಮ ಮಗಳಿಗೆ ಘನ ಆಹಾರ ಆರಂಭಿಸಿದ ಚಳಿಗಾಲದಲ್ಲಿ ಈ ಪಟ್ಟಿ ಒಮ್ಮೆ ಸರಿಯಾದ ಉತ್ತರವನ್ನೂ ಇನ್ನೊಮ್ಮೆ ಅಪಾಯಕರವಾದ ಉತ್ತರವನ್ನೂ ಕೊಟ್ಟಿತು. ಎರಡೂ ಘಟನೆಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಈ ವರ್ಷ ನಮ್ಮ ಸಂಘದ ಹಲವು ಮನೆಗಳಲ್ಲಿ ಅನ್ನಪ್ರಾಶನ ನಡೆಯಲಿದೆ ಎಂಬುದು ಇದಕ್ಕೆ ಕಾರಣ.

ನಾವಿರುವುದು ವೆಸ್ಟೆರೋಸಿನಲ್ಲಿ. ಜನವರಿಯಲ್ಲಿ ಮಗಳಿಗೆ ಆರು ತಿಂಗಳು ತುಂಬಿತು. ಊರಿನಿಂದ ಬಂದಿದ್ದ ಸರಿಹಿಟ್ಟಿನ ಡಬ್ಬಿಯನ್ನು ನಾವು ತೆರೆಯಲಿಲ್ಲ. ಅದರಲ್ಲಿ ರಾಗಿಯ ಜೊತೆಗೆ ಗೋಧಿ, ಹೆಸರುಬೇಳೆ, ಬಾದಾಮಿ, ಗೋಡಂಬಿ, ನೆಲಗಡಲೆ ಎಲ್ಲವೂ ಇದ್ದವು. ಏನಾದರೂ ಆದರೆ ಯಾವುದರಿಂದ ಆಯಿತೆಂದು ಹೇಳಲು ಸಾಧ್ಯವೇ ಇರುತ್ತಿರಲಿಲ್ಲ. ಆದ್ದರಿಂದ ಬರಿಯ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನಿಂದ ನೀರಿನಲ್ಲಿ ತೆಳ್ಳಗೆ ಸರಿ ಮಾಡಿ ಎರಡು ಚಮಚ ಕೊಟ್ಟೆವು. ಆ ದಿನ ಹೊರಗೆ ಮೈನಸ್ ಎಂಟು ಡಿಗ್ರಿ. ಮಧ್ಯಾಹ್ನ ಮಗುವಿಗೆ ಹತ್ತಿಯ ಅಂಗಿ, ಅದರ ಮೇಲೆ ಉಣ್ಣೆಯ ಅಂಗಿ, ಕುಲಾವಿ, ಎಲ್ಲದರ ಮೇಲೆ ದಪ್ಪ ಓವರಾಲ್ ತೊಡಿಸಿ, ಕುರಿಚರ್ಮ ಹಾಸಿದ ಬಂಡಿಯಲ್ಲಿ ಮಲಗಿಸಿಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದೆವು. ಬೆಳಗ್ಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ್ದೆವು. ಸಂಜೆ ಬಟ್ಟೆ ಬಿಚ್ಚಿದಾಗ ಕತ್ತಿನ ಮಡಿಕೆಗಳಲ್ಲಿ, ಎದೆಯ ಮೇಲ್ಭಾಗದಲ್ಲಿ, ಬೆನ್ನಿನಲ್ಲಿ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಗುಳ್ಳೆಗಳು ಕಂಡವು.

ಹಾಸನದಿಂದ ವಿಡಿಯೋದಲ್ಲಿ ನೋಡಿದ ಅತ್ತೆ, “ರಾಗಿ ತಂಪು ಕಣಮ್ಮ, ಅದರಿಂದ ಹೀಗಾಗಲ್ಲ. ಸೆಕೆಗೆ ಎದ್ದಿರೋದು” ಎಂದರು. ಮೈನಸ್ ಎಂಟರಲ್ಲಿ ಎಲ್ಲಿಯ ಸೆಕೆ ಎಂದು ನಮ್ಮ ಯಜಮಾನರು ನಕ್ಕರು. ಅತ್ತೆಯವರ ಉತ್ತರ ಸರಿಯಾಗಿತ್ತು, ಆದರೆ ಅದಕ್ಕೂ ರಾಗಿಯ ತಂಪಿಗೂ ಸಂಬಂಧವಿರಲಿಲ್ಲ.

ಬೆವರುಸಾಲೆ ಏಳುವುದು ಹವಾಮಾನದಿಂದಲ್ಲ, ಚರ್ಮದ ಪಕ್ಕದಲ್ಲಿ ಉಳಿದುಹೋದ ಶಾಖದಿಂದ. ಎಳೆಗೂಸಿನ ಬೆವರಿನ ನಾಳಗಳು ಇನ್ನೂ ಪೂರ್ಣವಾಗಿ ಬೆಳೆದಿರುವುದಿಲ್ಲ. ಅವು ಸುಲಭವಾಗಿ ಮುಚ್ಚಿಕೊಂಡು ಬೆವರು ಹೊರಗೆ ಬರಲಾರದೆ ಚರ್ಮದೊಳಗೇ ಸೋರುತ್ತದೆ. ಬಹಳ ಮೇಲ್ಪದರದಲ್ಲಿ ಸೋರಿದರೆ ನೀರಿನ ಹನಿಯಂಥ ತಿಳಿಗುಳ್ಳೆ. ಸ್ವಲ್ಪ ಕೆಳಗೆ ಸೋರಿದರೆ ಸುತ್ತಲೂ ಉರಿಯೂತವಾಗಿ ಚುಚ್ಚುವ ಕೆಂಪುಗುಳ್ಳೆ. ಸ್ವೀಡನ್ನಿನ ಚಳಿಗಾಲ ಇದಕ್ಕೆ ಹೇಳಿಮಾಡಿಸಿದ ಕಾಲ. ಹೊರಗಿನ ಚಳಿಗೆಂದು ತೊಡಿಸಿದ ಪದರಗಳೊಂದಿಗೆ ಮಗು ಬೆಚ್ಚನೆಯ ಬಸ್ಸಿನಲ್ಲೂ ಅಂಗಡಿಯಲ್ಲೂ ಅರ್ಧ ಗಂಟೆ ಮಲಗಿರುತ್ತದೆ, ನಾವು ಮಾತ್ರ ನಮ್ಮ ಕೋಟಿನ ಗುಂಡಿ ಬಿಚ್ಚಿಕೊಂಡಿರುತ್ತೇವೆ. ಅದರ ಮೇಲೆ ಕತ್ತಿನ ಮಡಿಕೆಗಳಲ್ಲಿ ಉಳಿದ ಎಣ್ಣೆ ನಾಳಗಳ ಬಾಯನ್ನು ಇನ್ನಷ್ಟು ಮುಚ್ಚುತ್ತದೆ. ಎಣ್ಣೆಸ್ನಾನವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ, ನಾವೂ ಬಿಟ್ಟಿಲ್ಲ. ಮಡಿಕೆಗಳಲ್ಲಿ ಎಣ್ಣೆ ಉಳಿಯದಂತೆ ತೊಳೆಯುತ್ತೇವೆ, ಗುಳ್ಳೆ ಇರುವ ದಿನ ಹಚ್ಚುವುದಿಲ್ಲ, ಅಷ್ಟೆ.

ಮಗುವಿಗೆ ಬಟ್ಟೆ ಹೆಚ್ಚಾಗಿದೆಯೇ ಎಂದು ತಿಳಿಯಲು ಕೈಕಾಲು ಮುಟ್ಟಿ ನೋಡುವುದು ಸಾಲದು, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗಕ್ಕೆ ಬೆರಳಿಡಬೇಕು. ಬೆಚ್ಚಗೆ, ಒಣಗಿದ್ದರೆ ಸರಿ. ತೇವವಾಗಿದ್ದರೆ ಒಂದು ಪದರ ತೆಗೆಯಬೇಕು. ಆ ಸಂಜೆ ನಾವು ಮಾಡಿದ್ದೂ ಇಷ್ಟೆ. ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಒರೆಸಿ, ತೆಳುವಾದ ಹತ್ತಿಯ ಅಂಗಿಯಲ್ಲಿ ಬಿಟ್ಟೆವು. ಪೌಡರ್ ಹಾಕಲಿಲ್ಲ. ಅದರ ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮುಲಾಮನ್ನೂ ಹಚ್ಚಲಿಲ್ಲ. ಮರುದಿನ ಬೆಳಗ್ಗೆ ಗುಳ್ಳೆಗಳು ಅದೇ ಜಾಗದಲ್ಲಿ, ಆದರೆ ಮಾಸಿದಂತೆ ಕಂಡವು, ಮೂರನೆಯ ದಿನ ಇರಲಿಲ್ಲ. ರಾಗಿ ಸರಿಯನ್ನು ಮರುದಿನವೂ ಕೊಟ್ಟೆವು.

ಹಾಗೆ ಕೊಡಲು ಧೈರ್ಯ ಬಂದದ್ದು ಮೂರು ಸಂಗತಿಗಳಿಂದ. ಒಂದು, ಗುಳ್ಳೆ ಇದ್ದದ್ದು ಬಟ್ಟೆಯ ಕೆಳಗೆ, ಬೆವರು ನಿಲ್ಲುವ ಕಡೆಗಳಲ್ಲಿ ಮಾತ್ರ. ಆಹಾರ ತಾಗಿದ ಬಾಯಿ, ಗಲ್ಲ, ಕೆನ್ನೆಗಳಲ್ಲಿ ಏನೂ ಇರಲಿಲ್ಲ. ಎರಡು, ಸರಿ ತಿಂದು ಆರು ಗಂಟೆಗಳೇ ಆಗಿದ್ದವು. ಮೂರು, ಮಗು ಎಂದಿನಂತೆ ಆಡುತ್ತಿತ್ತು. ಇವುಗಳಲ್ಲಿ ನಡುವಿನದು, ಅಂದರೆ ಗಡಿಯಾರದ ಸಾಕ್ಷಿ, ಎಲ್ಲಕ್ಕಿಂತ ಗಟ್ಟಿಯಾದದ್ದು. ಒಡನೆಯೇ ಆಗುವ ಬಗೆಯ ಅಲರ್ಜಿ ಆಹಾರ ಹೊಟ್ಟೆಗೆ ಹೋದ ಕೆಲವು ನಿಮಿಷಗಳಿಂದ ಸುಮಾರು ಎರಡು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ. ದೇಹದಲ್ಲಿ ಆ ಆಹಾರದ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಮೊದಲೇ ಸಿದ್ಧವಾಗಿದ್ದು, ಪ್ರೋಟೀನು ತಾಗಿದ ಕೂಡಲೇ ಚರ್ಮದ ಕಣಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಆ ಕ್ರಿಯೆಗೆ ಹೆಚ್ಚು ಹೊತ್ತು ಬೇಕಿಲ್ಲ.

ಎರಡನೆಯ ಘಟನೆ ಐದು ವಾರಗಳ ನಂತರ. ಅಷ್ಟರಲ್ಲಿ ಮಗು ಆಲೂಗಡ್ಡೆ, ಕ್ಯಾರೆಟ್, ಬೇಳೆಕಟ್ಟು, ಅನ್ನ ತಿಂದಿತ್ತು. ಎದೆಹಾಲಿನ ಮಗುವಾದ್ದರಿಂದ ಹಸುವಿನ ಹಾಲು ಅದುವರೆಗೆ ಬಾಯಿಗೆ ಹೋಗಿರಲಿಲ್ಲ. ಇಲ್ಲಿಯ ಅಂಗಡಿಗಳಲ್ಲಿ ಮಕ್ಕಳಿಗೆಂದೇ ಸಿಗುವ ಓಟ್ಸ್ ಗಂಜಿಯ ಪುಡಿ ತಂದೆವು. ಈ ಪುಡಿಗಳಲ್ಲಿ ಹಲವಕ್ಕೆ, ಹಾಗೆಯೇ ಬಾಟಲಿಯಲ್ಲಿ ಕುಡಿಸುವ ವೆಲ್ಲಿಂಗ್‌ಗೆ, ಹಾಲಿನ ಪುಡಿ ಸೇರಿಸಿರುತ್ತಾರೆ. ಡಬ್ಬಿಯ ಮುಂಭಾಗದಲ್ಲಿ ಓಟ್ಸಿನ ಚಿತ್ರ ಮಾತ್ರ ಇರುತ್ತದೆ, ಹಾಲಿನ ವಿಷಯ ಹಿಂಭಾಗದ ಘಟಕಗಳ ಪಟ್ಟಿಯಲ್ಲಿ. ಯುರೋಪಿನ ನಿಯಮದಂತೆ ಅಲರ್ಜಿ ತರಬಲ್ಲ ಪದಾರ್ಥಗಳನ್ನು ಆ ಪಟ್ಟಿಯಲ್ಲಿ ಎದ್ದುಕಾಣುವಂತೆ, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ, ಅಚ್ಚು ಮಾಡಿರಬೇಕು. ಅದನ್ನು ಓದಿಕೊಂಡೇ, ಹೊಸ ಪದಾರ್ಥ ಒಂದಲ್ಲ ಎರಡು ಎಂದು ತಿಳಿದೇ, ಮಂಗಳವಾರ ಬೆಳಗ್ಗೆ ಎಂಟೂವರೆಗೆ ಮೂರು ಚಮಚ ಕೊಟ್ಟೆವು. ವಾರದ ದಿನದ ಬೆಳಗನ್ನೇ ಆರಿಸಿದ್ದು ಮಗು ಮಲಗುವ ಮುನ್ನ ಹಲವು ಗಂಟೆ ಕಣ್ಣೆದುರಿಗೇ ಇರುತ್ತದೆ, ಮಕ್ಕಳ ಆರೋಗ್ಯ ಕೇಂದ್ರವಾದ ಬಿವಿಸಿಯೂ ತೆರೆದಿರುತ್ತದೆ ಎಂಬ ಕಾರಣಕ್ಕೆ.

ಎಂಟು ನಲವತ್ತಕ್ಕೆ ಗಲ್ಲದ ಮೇಲೆ ಸೊಳ್ಳೆ ಕಚ್ಚಿದಂತೆ ಎರಡು ಉಬ್ಬು. ಐದು ನಿಮಿಷದಲ್ಲಿ ಅವೆರಡೂ ಕೂಡಿಕೊಂಡು ಒಂದಾದವು. ಎಂಟು ಐವತ್ತಕ್ಕೆ ಕತ್ತಿನ ಪಕ್ಕ, ಹೊಟ್ಟೆ, ತೊಡೆ, ಅಂದರೆ ಆಹಾರ ತಾಗದ ಕಡೆಗಳಲ್ಲೂ ತುರಚೆ ಗಿಡ ಸವರಿದಂತೆ ಗಂಧೆಗಳು. ಒಂದೊಂದೂ ಒಂದೊಂದು ಆಕಾರ, ನಡುವೆ ಬಿಳಿಚಿ ಅಂಚು ಉಬ್ಬಿದ್ದವು. ಮಗು ಕಿವಿ ಉಜ್ಜಿಕೊಳ್ಳುತ್ತಿತ್ತು, ಎಡಗಣ್ಣಿನ ರೆಪ್ಪೆ ಊದಿತ್ತು. ಇದು ಬೆವರುಸಾಲೆಯಲ್ಲವೆಂದು ಹೇಳಲು ವೈದ್ಯರು ಬೇಕಿರಲಿಲ್ಲ.

ಗಂಧೆಯ ಒಂದು ಗುಣವನ್ನು ಆ ಬೆಳಗ್ಗೆ ಕಣ್ಣಾರೆ ಕಂಡೆ. ಹೊಟ್ಟೆಯ ಮೇಲಿನ ಒಂದು ಗಂಧೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ವೇಳೆ ಬರೆದುಕೊಂಡಿದ್ದೆ. ಮುಕ್ಕಾಲು ಗಂಟೆಯ ನಂತರ ಗೆರೆಯೊಳಗಿನ ಚರ್ಮ ಸಮತಟ್ಟಾಗಿತ್ತು, ಗೆರೆಯ ಹೊರಗೆ ಹೊಸದೊಂದು ಎದ್ದಿತ್ತು. ಗಂಧೆ ಹೀಗೆ ಸ್ಥಳ ಬದಲಿಸುತ್ತದೆ, ಒಂದೇ ಗಂಧೆ ಒಂದೇ ಜಾಗದಲ್ಲಿ ಇಪ್ಪತ್ತನಾಲ್ಕು ಗಂಟೆ ಉಳಿಯುವುದು ಅಪರೂಪ. ಬೆವರುಸಾಲೆ ಎದ್ದಲ್ಲೇ ಎರಡು ಮೂರು ದಿನ ಕುಳಿತಿರುತ್ತದೆ.

ಇನ್ನೊಂದು ಮಾತು ನಮ್ಮ ಬಣ್ಣದ ಚರ್ಮಕ್ಕೆ ಸಂಬಂಧಿಸಿದ್ದು. ಸ್ವೀಡಿಷ್ ಮಾಹಿತಿಪತ್ರಗಳ ಚಿತ್ರಗಳಲ್ಲಿ ಹೆಚ್ಚಾಗಿ ಬಿಳಿಯ ಮಗುವಿನ ಮೇಲೆ ಕಡುಗೆಂಪು ಗಂಧೆಗಳು ಕಾಣುತ್ತವೆ. ಎಣ್ಣೆಗಪ್ಪು ಅಥವಾ ಗೋಧಿ ಬಣ್ಣದ ಮಗುವಿನಲ್ಲಿ ಅದೇ ಗಂಧೆ ಚರ್ಮದ ಬಣ್ಣದಲ್ಲೇ ಇರಬಹುದು, ಸ್ವಲ್ಪ ಕಂದಾಗಿರಬಹುದು. ಕೆಂಪು ಹುಡುಕುತ್ತ ಕುಳಿತರೆ ತಪ್ಪಿಹೋಗುತ್ತದೆ. ಬೆರಳ ತುದಿಯನ್ನು ಮೆಲ್ಲಗೆ ಸವರಿ ಉಬ್ಬನ್ನು ಹುಡುಕಬೇಕು. ಫೆಬ್ರವರಿಯ ಮಂಕು ಬೆಳಕಿನಲ್ಲಿ ಫೋನಿನ ದೀಪವನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಾಯಿಸಿದರೆ ಉಬ್ಬಿನ ನೆರಳು ಬಿದ್ದು ಸ್ಪಷ್ಟವಾಗುತ್ತದೆ. ಫೋಟೋವನ್ನೂ ಹಾಗೆಯೇ ತೆಗೆಯಬೇಕು. ವೈದ್ಯರ ಬಳಿ ಹೋಗುವ ಹೊತ್ತಿಗೆ ಗಂಧೆ ಮಾಯವಾಗಿರುತ್ತದೆ, ಫೋಟೋ ಒಂದೇ ಉಳಿಯುವ ಪುರಾವೆ.

1177ಕ್ಕೆ ಕರೆಮಾಡಿದಾಗ ದಾದಿ ಗಂಧೆಯ ಬಗ್ಗೆ ಕೇಳಿದ್ದು ಕಡಿಮೆ. ಉಸಿರಾಟ ಎಂದಿನಂತಿದೆಯೇ? ಅಳುವಿನ ದನಿ ಒಡೆದಿದೆಯೇ? ಕೆಮ್ಮುತ್ತಿದೆಯೇ? ವಾಂತಿಯಾಯಿತೇ? ಬಿಳಿಚಿಕೊಂಡು ಸಪ್ಪಗಾಗಿದೆಯೇ, ಹಿಡಿದರೆ ಮೈ ಜೋತುಬೀಳುತ್ತಿದೆಯೇ? ಎಲ್ಲಕ್ಕೂ ಇಲ್ಲವೆಂದು ಹೇಳಿದ ಮೇಲೆ, ಮಗುವನ್ನು ಮಲಗಲು ಬಿಟ್ಟು ದೂರ ಹೋಗದೆ ಕಣ್ಣೆದುರಿಗೇ ಇಟ್ಟುಕೊಳ್ಳಿ, ಆ ಆಹಾರವನ್ನು ಮತ್ತೆ ಕೊಡಬೇಡಿ, ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಬದಲಾದರೆ ನಮಗೆ ಮತ್ತೆ ಕರೆಮಾಡದೆ ನೇರವಾಗಿ 112ಕ್ಕೆ ಮಾಡಿ ಎಂದರು. ಈ ಪ್ರಶ್ನೆಗಳ ಹಿಂದಿನ ತರ್ಕ ಇದು: ಅಲರ್ಜಿ ಚರ್ಮದಲ್ಲಿ ಮಾತ್ರ ಇರುವವರೆಗೆ ಅದು ನೋಡಲು ಎಷ್ಟೇ ಭಯಾನಕವಾಗಿದ್ದರೂ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಉಸಿರು, ಹೊಟ್ಟೆ, ರಕ್ತಪರಿಚಲನೆ ಇವುಗಳಲ್ಲಿ ಇನ್ನೊಂದು ಸೇರಿಕೊಂಡರೆ ಅದು ಅನಾಫಿಲಾಕ್ಸಿಸ್ ಆಗಿರಬಹುದು, ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಗೆ ಕೊಡುವ ಔಷಧ ಗಂಧೆಯನ್ನು ಇಳಿಸುತ್ತದೆಯೇ ಹೊರತು ಉಸಿರುಗಟ್ಟುವುದನ್ನು ತಡೆಯುವುದಿಲ್ಲ. ಊರಿನಿಂದ ತಂದಿಟ್ಟ ಅಂಥ ಸಿರಪ್ಪನ್ನು ವರ್ಷ ತುಂಬದ ಮಗುವಿಗೆ ನಾವೇ ಅಳತೆ ಮಾಡಿ ಕೊಡುವುದು ಬೇಡ, ಫೋನಿನಲ್ಲಿ ಕೇಳಿಯೇ ಕೊಡಬೇಕು.

ನಮ್ಮ ಮಗುವಿಗೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಇಳಿದಿತ್ತು. ಅಷ್ಟರಲ್ಲಿ ಅತ್ತೆಯವರ ಕರೆ ಬಂತು. “ಹಾಲು ತಂಪಲ್ವೇನಮ್ಮ, ಅದರಿಂದ ಗಂಧೆ ಏಳೋದುಂಟೇ? ಪಿತ್ತ ಕೆದರಿದೆ, ಒಂದು ಕಂಬಳಿ ಹೊದಿಸಿ ಬೆಚ್ಚಗೆ ಮಲಗಿಸು. ನಾಳೆ ಹಾಲನ್ನ ಚೆನ್ನಾಗಿ ಕಾಯಿಸಿ ನೀರು ಬೆರೆಸಿ ಕೊಡು.” ಹಿಂದಿನ ಸಲ ರಾಗಿಯನ್ನು ಪಾರುಮಾಡಿದ ಪಟ್ಟಿ ಈ ಸಲ ಹಾಲನ್ನೂ ಪಾರುಮಾಡುತ್ತಿತ್ತು. ಎಳೆಯ ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಆಹಾರ ಅಲರ್ಜಿಗಳಲ್ಲಿ ಹಸುವಿನ ಹಾಲಿನದೂ ಒಂದು ಎಂದು ನಾನು ಹೇಳಿದಾಗ ಅವರು ಕೆಲಕಾಲ ಸುಮ್ಮನಿದ್ದು, “ಹಂಗಾದ್ರೆ ಡಾಕ್ಟರ್ ಹೇಳೋತನಕ ಬೇಡ ಬಿಡು” ಎಂದರು. ಕಂಬಳಿಯ ಬಗ್ಗೆ ಮಾತ್ರ ಅವರ ಅಭಿಪ್ರಾಯ ಬದಲಾಗಲಿಲ್ಲ. ಶಾಖ ಗಂಧೆಯ ತುರಿಕೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ನಾನೂ ವಾದಿಸಲಿಲ್ಲ, ಕಂಬಳಿಯನ್ನೂ ಹೊದಿಸಲಿಲ್ಲ.

ಬಿವಿಸಿಯ ದಾದಿ ಮಕ್ಕಳ ಚಿಕಿತ್ಸಾಲಯಕ್ಕೆ ಪತ್ರ ಬರೆದರು. ಅಲ್ಲಿ ವೈದ್ಯೆ ನನ್ನ ಚೀಟಿಯಲ್ಲಿದ್ದ ವೇಳೆಗಳನ್ನೂ ಫೋಟೋಗಳನ್ನೂ ನೋಡಿ, ಆಮೇಲೆ ಮುಂಗೈ ಮೇಲೆ ಹನಿ ಇಟ್ಟು ಚುಚ್ಚುವ ಚರ್ಮಪರೀಕ್ಷೆ ಮಾಡಿದರು. ಹಾಲಿನ ಹನಿ ಉಬ್ಬಿತು, ಓಟ್ಸಿನದು ಉಬ್ಬಲಿಲ್ಲ. ಪರೀಕ್ಷೆಗಿಂತ ನಡೆದ ಕಥೆಯೇ ಮುಖ್ಯವೆಂದು ಅವರು ಹೇಳಿದ್ದು ನೆನಪಿದೆ. ಏನೂ ಆಗದ ಆಹಾರಗಳ ಪಟ್ಟಿ ಹಿಡಿದು ಸುಮ್ಮನೆ ಪರೀಕ್ಷೆ ಮಾಡಿಸಿದರೆ, ಮಗು ನೆಮ್ಮದಿಯಾಗಿ ತಿನ್ನುತ್ತಿರುವುದಕ್ಕೂ ಹನಿ ಉಬ್ಬಬಹುದು, ಆಗ ಒಳ್ಳೆಯ ಆಹಾರವೊಂದು ಕಾರಣವಿಲ್ಲದೆ ತಟ್ಟೆಯಿಂದ ಹೋಗುತ್ತದೆ.

ಕಾರಣವಿಲ್ಲದೆ ಆಹಾರ ಬಿಡುವುದು ಸಣ್ಣ ವಿಷಯವಲ್ಲ. ಹಿಂದೆ ಮೊಟ್ಟೆ, ಮೀನು, ನೆಲಗಡಲೆಗಳನ್ನು ತಡವಾಗಿ ಕೊಡಿ ಎನ್ನುತ್ತಿದ್ದರು. ಈಗ ಸ್ವೀಡನ್ನಿನ ಆಹಾರ ಇಲಾಖೆ ಮೊದಲ ವರ್ಷದೊಳಗೇ ಅವನ್ನು ಕೊಡಲು ಹೇಳುತ್ತದೆ. ನಾರ್ವೆ ಮತ್ತು ಸ್ಟಾಕ್‌ಹೋಮಿನ ಎರಡು ಸಾವಿರಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೆಲಗಡಲೆ, ಹಾಲು, ಗೋಧಿ, ಮೊಟ್ಟೆಗಳ ರುಚಿಯನ್ನು ಬೇಗ ತೋರಿಸಿದ ಮಕ್ಕಳಲ್ಲಿ ಮೂರನೆಯ ವಯಸ್ಸಿಗೆ ಆಹಾರ ಅಲರ್ಜಿ ಕಡಿಮೆ ಕಂಡುಬಂತು. ಹೀಗಿರುವಾಗ ಬೆವರುಸಾಲೆಯನ್ನು ಅಲರ್ಜಿಯೆಂದು ತಿಳಿದು ಮೊಟ್ಟೆಯನ್ನೋ ನೆಲಗಡಲೆಯನ್ನೋ ವರ್ಷಗಟ್ಟಲೆ ದೂರವಿಡುವುದರಿಂದಲೂ ನಷ್ಟವಿದೆ. ಟೊಮೇಟೊ ಸಾರು, ಕಿತ್ತಳೆ, ಸ್ಟ್ರಾಬೆರಿ ತಿಂದಾಗ ಬಾಯಿಯ ಸುತ್ತ, ರಸ ತಾಗಿದಷ್ಟೇ ಜಾಗದಲ್ಲಿ ಸಮತಟ್ಟಾಗಿ ಕೆಂಪಾಗಿ ಸ್ವಲ್ಪ ಹೊತ್ತಿನಲ್ಲಿ ಮಾಯವಾಗುವುದೂ ಹೆಚ್ಚಾಗಿ ಹುಳಿಯ ಉರಿಯಷ್ಟೆ. ತಿನ್ನಿಸುವ ಮೊದಲು ಬಾಯಿಯ ಸುತ್ತ ತೆಳ್ಳಗೆ ವ್ಯಾಸಲೀನ್ ಸವರಿದರೆ ಅದು ಕಡಿಮೆಯಾಗುತ್ತದೆ. ಜ್ವರ ನೆಗಡಿಗಳಲ್ಲೂ ಮಕ್ಕಳಿಗೆ ಗಂಧೆ ಏಳುವುದುಂಟು. ಆದ್ದರಿಂದ ಹೊಸ ಆಹಾರವನ್ನು ಮಗು ಆರೋಗ್ಯವಾಗಿರುವ ದಿನ ಕೊಟ್ಟರೆ ಗೊಂದಲ ಕಡಿಮೆ.

ಇವೆಲ್ಲಕ್ಕೂ ಹೊರತಾದ ಒಂದು ಗುಳ್ಳೆಯಿದೆ. ಮೇಲೆ ಪಾರದರ್ಶಕ ಗಾಜಿನ ಲೋಟ ಒತ್ತಿದಾಗ ಮೇಲೆ ಹೇಳಿದ ಗುಳ್ಳೆಗಳ ಬಣ್ಣ ಕ್ಷಣಕಾಲ ಮಾಸುತ್ತದೆ. ಜ್ವರವಿರುವ ಮಗುವಿನಲ್ಲಿ ಒತ್ತಿದರೂ ಮಾಸದ ಕಡುಚುಕ್ಕೆಗಳು ಕಂಡರೆ ಅದು ರಕ್ತದ ಸೋಂಕಿರಬಹುದು. ಊಟದ ಲೆಕ್ಕ ಬಿಟ್ಟು ಆ ಕ್ಷಣವೇ 112. ಕಪ್ಪು ಚರ್ಮದಲ್ಲಿ ಇದನ್ನು ಅಂಗೈ, ಅಂಗಾಲು, ತುಟಿಯ ಒಳಭಾಗಗಳಲ್ಲಿ ನೋಡುವುದು ಸುಲಭ.

ರೋಗನಿರ್ಣಯವಾದ ಮೇಲೆ ಅಡುಗೆಮನೆಯಲ್ಲಿ ಎರಡು ಕಡೆ ಎಚ್ಚರ ಬೇಕಾಯಿತು. ಒಂದು ಇಲ್ಲಿಯ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ‘ಲ್ಯಾಕ್ಟೋಸ್‌ಫ್ರೀ’ ಹಾಲು. ಅದರಲ್ಲಿ ಇಲ್ಲದಿರುವುದು ಹಾಲಿನ ಸಕ್ಕರೆ, ಅಲರ್ಜಿ ಇರುವುದು ಹಾಲಿನ ಪ್ರೋಟೀನಿಗೆ, ಅದು ಆ ಹಾಲಿನಲ್ಲಿ ಪೂರ್ಣವಾಗಿ ಇದೆ. ನಮ್ಮ ಮಗುವಿಗೆ ಅದೂ ಹಾಲೇ. ಪರಿಚಿತರೊಬ್ಬರು ಪ್ರೀತಿಯಿಂದ ಸೂಚಿಸಿದ ಮೇಕೆಯ ಹಾಲೂ ಆಗದು, ಅದರ ಪ್ರೋಟೀನು ಹಸುವಿನದನ್ನೇ ಬಹಳವಾಗಿ ಹೋಲುತ್ತದೆ. ಇನ್ನೊಂದು ತುಪ್ಪ. ಕಾಯಿಸಿದ್ದರಲ್ಲಿ ಹಾಲೆಲ್ಲಿ ಉಳಿದೀತು ಎಂದು ನಾವು ಭಾವಿಸುತ್ತೇವೆ, ಆದರೆ ಗಸಿಯ ಜೊತೆ ಹಾಲಿನ ಪ್ರೋಟೀನಿನ ಅಂಶ ಸ್ವಲ್ಪ ಉಳಿದೇ ಇರುತ್ತದೆ. ವೈದ್ಯೆ ತುಪ್ಪವನ್ನೂ ನಿಲ್ಲಿಸಲು ಹೇಳಿದರು. ಹಬ್ಬದ ಊಟಗಳಲ್ಲಿ ಮಗುವಿನ ಅನ್ನವನ್ನು ತುಪ್ಪ ಬಡಿಸುವ ಮೊದಲೇ ಎತ್ತಿಡುವುದು ಅಭ್ಯಾಸವಾಯಿತು. ನಾನು ಹಾಲು ಮೊಸರು ಬಿಡಬೇಕೇ ಎಂದು ಕೇಳಿದ್ದಕ್ಕೆ, ಎದೆಹಾಲು ಕುಡಿದಾಗ ಮಗುವಿಗೆ ಇದುವರೆಗೆ ಏನೂ ಆಗಿಲ್ಲವಾದ್ದರಿಂದ ಬೇಡವೆಂದರು. ಎಲ್ಲ ತಾಯಂದಿರಿಗೂ ಇದೇ ಉತ್ತರವೆಂದು ತಿಳಿಯಬಾರದು.

ಹಾಲಿನ ಅಲರ್ಜಿ ಬಹುಪಾಲು ಮಕ್ಕಳಲ್ಲಿ ವಯಸ್ಸಾದಂತೆ ಹೋಗುತ್ತದೆ. ಹೋಗಿದೆಯೇ ಎಂದು ಮನೆಯಲ್ಲಿ ಒಂದು ಚಮಚ ಕೊಟ್ಟು ನೋಡುವಂತಿಲ್ಲ. ಮಗಳಿಗೆ ಹದಿನೆಂಟು ತಿಂಗಳಾದಾಗ ಆಸ್ಪತ್ರೆಯಲ್ಲಿ, ದಾದಿಯ ಎದುರಿನಲ್ಲಿ, ಕೆಲವು ಹನಿಗಳಿಂದ ಆರಂಭಿಸಿ ನಿಗದಿತ ಅಂತರದಲ್ಲಿ ಪ್ರಮಾಣ ಹೆಚ್ಚಿಸುತ್ತ ಇಡೀ ಬೆಳಗ್ಗೆ ಹಾಲು ಕುಡಿಸಿದರು. ಕೊನೆಯ ಲೋಟದ ನಂತರ ಎರಡು ಗಂಟೆ ಅಲ್ಲಿಯೇ ಕೂರಿಸಿಕೊಂಡರು. ಏನೂ ಏಳಲಿಲ್ಲ. ಅತ್ತೆಯವರಿಗೆ ಫೋನು ಮಾಡಿ ಹೇಳಿದೆ. “ತುಪ್ಪ ಯಾವಾಗಿಂದ ಹಾಕಬಹುದಂತೆ?” ಎಂದು ಕೇಳಿದರು. ಅಂದು ಸಂಜೆಯಿಂದಲೇ ಹಾಕಿದೆವು.